ಸೊಪ್ಪು, ಮೀನು, ಹಾಲು: ಒಂದು ಸಲಕ್ಕೆ ಎಷ್ಟು ತರಬೇಕು?

ಪ್ರಶ್ನೆ: ಮನೆಯಲ್ಲಿ ನಾಲ್ಕು ಜನ ಇದ್ದೀವಿ, ನಾವಿಬ್ಬರು ಮತ್ತು ಇಬ್ಬರು ಮಕ್ಕಳು. ಇಬ್ಬರೂ ಕೆಲಸಕ್ಕೆ ಹೋಗೋದ್ರಿಂದ ಭಾನುವಾರ ಒಂದೇ ದಿನ ವಾರಕ್ಕಾಗುವಷ್ಟು ತಂದಿಡ್ತೀವಿ. ಬುಧವಾರದ ಹೊತ್ತಿಗೆ ಸೊಪ್ಪು ಕೊಳೆತಿರುತ್ತೆ, ಉಳಿಸಿದ ಮೀನು ವಾಸನೆ ಬಂದಿರುತ್ತೆ. ಹಾಲು ಒಂದು ವಾರ ಒಡೆದುಹೋಗುತ್ತೆ, ಇನ್ನೊಂದು ವಾರ ಸಾಲೋದೇ ಇಲ್ಲ. ಯಾವುದನ್ನ ಒಂದ್ಸಲಕ್ಕೆ ಎಷ್ಟು ತರಬೇಕು ಅಂತ ಲೆಕ್ಕ ಹೇಳ್ತೀರಾ?

ಉತ್ತರ: ಮೊದಲು ನೇರವಾದ ಲೆಕ್ಕ ಹೇಳಿಬಿಡುತ್ತೇನೆ. ಭಾನುವಾರ ಮೀನು ಒಂದು ಅಡುಗೆಗೆ, ಸೊಪ್ಪು ಎರಡು ಅಡುಗೆಗೆ, ಹಾಲು ನಾಲ್ಕು ದಿನಕ್ಕೆ ತನ್ನಿ. ಬುಧವಾರ ಸಂಜೆ ಸೊಪ್ಪು ಮತ್ತು ಹಾಲನ್ನು ಇನ್ನೊಮ್ಮೆ ತನ್ನಿ. ವಾರದ ನಡುವೆಯೂ ಮೀನು ಬೇಕು ಅಂದರೆ ಭಾನುವಾರವೇ ಎರಡು ಅಡುಗೆಯಷ್ಟು ತಂದು, ಎರಡನೆಯದನ್ನು ಅವತ್ತೇ ಫ್ರೀಜರ್‌ಗೆ ಹಾಕಿ. ಈ ಲೆಕ್ಕ ಹೇಗೆ ಬಂತು ಅಂತ ತಿಳಿದರೆ ನಿಮ್ಮ ಮನೆಯ ರೂಢಿಗೆ ತಕ್ಕಂತೆ ನೀವೇ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಈ ಮೂರು ಪದಾರ್ಥಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿ 'ವಾರಕ್ಕೆ ಇಷ್ಟು' ಅಂದುಕೊಳ್ಳುವುದರಲ್ಲೇ ತೊಂದರೆ ಇದೆ. ಅಕ್ಕಿ, ಬೇಳೆಗೆ ಆ ಲೆಕ್ಕ ಸರಿ. ಇವಕ್ಕೆ ಅದು ಒಗ್ಗುವುದಿಲ್ಲ. ಇಲ್ಲಿ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಇವತ್ತಿನಿಂದ ಇದು ನನ್ನ ಫ್ರಿಜ್‌ನಲ್ಲಿ ಎಷ್ಟು ದಿನ ಚೆನ್ನಾಗಿರುತ್ತದೆ? ಆ ದಿನಗಳೊಳಗೆ ನಾನು ಇದನ್ನು ಎಷ್ಟು ಸಲ ಬೇಯಿಸುತ್ತೇನೆ? ಒಂದು ಸಲಕ್ಕೆ ಎಷ್ಟು ಬೇಕು? ಎರಡನೆಯದನ್ನೂ ಮೂರನೆಯದನ್ನೂ ಗುಣಿಸಿದರೆ ಬರುವುದೇ ನೀವು ತರಬೇಕಾದ ಪ್ರಮಾಣ. ಹೆಚ್ಚಿನವರು ಎರಡನೆಯ ಪ್ರಶ್ನೆ ಕೇಳಿಕೊಳ್ಳುವುದೇ ಇಲ್ಲ. ಸೊಪ್ಪು ಮೂರು ದಿನ ಇರುತ್ತದೆ ಅಂತ ಗೊತ್ತು, ಹಾಗಾಗಿ ಮೂರು ದಿನದ ಸೊಪ್ಪು ತರುತ್ತಾರೆ. ಆದರೆ ಆ ಮೂರು ದಿನದಲ್ಲಿ ಒಂದು ದಿನ ಮೀನು ಮಾಡುತ್ತಾರೆ, ಇನ್ನೊಂದು ದಿನ ಹೊರಗೆ ಊಟ ಆಗುತ್ತದೆ. ಕೊನೆಗೆ ಸೊಪ್ಪು ಬೇಯುವುದು ಒಂದೇ ಸಲ.

ಇನ್ನೊಂದು ಮಾತು. ದಿನದ ಲೆಕ್ಕ ಶುರುವಾಗುವುದು ನೀವು ಕೊಂಡ ಗಳಿಗೆಯಿಂದ ಅಲ್ಲ. ಸೊಪ್ಪಿಗೆ ಅದು ಕೊಯ್ದಾಗಿನಿಂದ, ಮೀನಿಗೆ ನೀರಿನಿಂದ ಎತ್ತಿದಾಗಿನಿಂದ ಶುರುವಾಗಿರುತ್ತದೆ. ಅಂಗಡಿಯಲ್ಲಿ ಅರ್ಧ ಆಯಸ್ಸು ಕಳೆದ ಕಟ್ಟನ್ನು ತಂದರೆ ನಿಮಗೆ ಸಿಗುವುದು ಉಳಿದರ್ಧ ಮಾತ್ರ. ಹಾಗಾಗಿ ನಾನು ಮುಂದೆ ಹೇಳುವ ದಿನಗಳೆಲ್ಲ ಒಳ್ಳೆಯ ಸ್ಥಿತಿಯಲ್ಲಿ ಮನೆಗೆ ಬಂದ ಪದಾರ್ಥದ್ದು. ಬಾಡಿದ್ದನ್ನು ತಂದಿದ್ದರೆ ಒಂದು ದಿನ ಕಳೆದುಬಿಡಿ.

ಎಲ್ಲಕ್ಕೂ ಮೊದಲು ಫ್ರಿಜ್ಜಿನ ತಂಪು ನೋಡಿ

ಮೂರೂ ಪದಾರ್ಥಗಳ ಆಯಸ್ಸನ್ನು ತೀರ್ಮಾನಿಸುವುದು ಫ್ರಿಜ್ಜಿನ ಒಳಗಿನ ತಾಪ. ಅದು 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಗುಂಡಿಯ ಮೇಲಿನ ಅಂಕಿ ಡಿಗ್ರಿ ಅಲ್ಲ, ಅದನ್ನು ನಂಬಬೇಡಿ. ಒಂದು ಲೋಟ ನೀರಲ್ಲಿ ಥರ್ಮಾಮೀಟರ್ ಇಳಿಸಿ, ನಡುವಿನ ತಟ್ಟೆಯ ಮೇಲೆ ರಾತ್ರಿಯಿಡೀ ಇಡಿ. ಬೆಳಿಗ್ಗೆ ಯಾರೂ ಬಾಗಿಲು ತೆಗೆಯುವ ಮೊದಲು ನೋಡಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ, ಅಡುಗೆಗೆ ಅಥವಾ ಫ್ರಿಜ್‌ಗೆ ಅಂತಲೇ ಸಿಗುವಂಥದ್ದು ಬೇಕು.

7, 8 ಡಿಗ್ರಿ ಕಂಡರೆ ಆಶ್ಚರ್ಯ ಪಡಬೇಡಿ, ಅದು ಅಪರೂಪವೇನಲ್ಲ. ತುಂಬಾ ತುರುಕಿದರೆ ತಣ್ಣನೆ ಗಾಳಿ ಓಡಾಡುವುದಿಲ್ಲ. ಬಾಗಿಲಿನ ರಬ್ಬರ್ ಸಡಿಲವಾಗಿದ್ದರೂ ಹೀಗಾಗುತ್ತದೆ. ಭಾನುವಾರ ವಾರದ ಸಾಮಾನನ್ನೆಲ್ಲ ಒಟ್ಟಿಗೆ ತುಂಬುವ ನಿಮ್ಮಂಥ ಮನೆಯಲ್ಲಿ ಅವತ್ತು ಸಂಜೆ ಫ್ರಿಜ್ ತಣ್ಣಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಅಂದರೆ ಜಾಸ್ತಿ ತಂದಷ್ಟೂ, ತಂದದ್ದರ ಆಯಸ್ಸು ಇನ್ನಷ್ಟು ಕಡಿಮೆ!

ಮೀನು: ಇಲ್ಲಿ ರಿಯಾಯಿತಿ ಇಲ್ಲ

ಮೂರರಲ್ಲಿ ಎಲ್ಲಕ್ಕಿಂತ ಬೇಗ ಕೆಡುವುದು ಮೀನು, ಎಲ್ಲಕ್ಕಿಂತ ಜಾಸ್ತಿ ಅಪಾಯವೂ ಅದರಲ್ಲೇ. ಹಾಗಾಗಿ ಅದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ.

ಮನೆಯ ಫ್ರಿಜ್‌ನಲ್ಲಿ ಹಸಿ ಮೀನನ್ನು ತಂದ ದಿನ, ಹೆಚ್ಚೆಂದರೆ ಮರುದಿನ ಬೇಯಿಸಬೇಕು. ಅಂಗಡಿಯಲ್ಲಿ ಮಂಜುಗಡ್ಡೆಯ ಮೇಲೆ ದಿನಗಟ್ಟಲೆ ಇರುತ್ತದಲ್ಲ, ಮನೆಯ ಫ್ರಿಜ್‌ನಲ್ಲಿ ಯಾಕೆ ಇರಬಾರದು ಅಂತ ಕೇಳಬಹುದು. ಕರಗುತ್ತಿರುವ ಮಂಜುಗಡ್ಡೆ 0 ಡಿಗ್ರಿಯಲ್ಲಿರುತ್ತದೆ. ನಿಮ್ಮ ಫ್ರಿಜ್ 4ರಲ್ಲಿದೆ. ನಾಲ್ಕು ಡಿಗ್ರಿ ಅಂದರೆ ನಮಗೆ ಏನೂ ಅಲ್ಲ. ಮೀನಿಗೆ ಅದು ದೊಡ್ಡ ಅಂತರ. ಮಂಜುಗಡ್ಡೆಯಲ್ಲಿ ಕೆಡುವ ವೇಗಕ್ಕೆ ಹೋಲಿಸಿದರೆ 4 ಡಿಗ್ರಿಯಲ್ಲಿ ಮೀನು ಸುಮಾರು ಎರಡು ಪಟ್ಟು ಬೇಗ ಕೆಡುತ್ತದೆ. 10 ಡಿಗ್ರಿಯಲ್ಲಿ ಸುಮಾರು ನಾಲ್ಕು ಪಟ್ಟು. ತಣ್ಣನೆಯ ನೀರಲ್ಲಿ ಬದುಕುವ ಮೀನಿನ ಮೈಮೇಲಿನ ಬ್ಯಾಕ್ಟೀರಿಯಾಗಳಿಗೆ ಫ್ರಿಜ್ಜಿನ ಚಳಿ ಹೊಸದಲ್ಲ. ಅಲ್ಲೂ ಅವು ಬೆಳೆಯುತ್ತಲೇ ಇರುತ್ತವೆ.

ನಿಮ್ಮ ಉಳಿಸಿದ ಮೀನು ಯಾಕೆ ನಾರಿತು ಅನ್ನುವುದಕ್ಕೆ ಇದೇ ಉತ್ತರ. ಭಾನುವಾರ ತಂದು ಬುಧವಾರಕ್ಕೆ ಅಂತ ಫ್ರಿಜ್‌ನಲ್ಲಿಟ್ಟರೆ, ಮಂಜುಗಡ್ಡೆಯಲ್ಲಿ ಆರು ದಿನ ಇಟ್ಟಷ್ಟು ಹಳೆಯದಾಗುತ್ತದೆ. ಅಂಗಡಿಯಲ್ಲಿ ಕಳೆದ ದಿನಗಳು ಇದರ ಮೇಲೆ ಬೇರೆ.

ಕೊಳ್ಳುವಾಗ ಇಡೀ ಮೀನಾದರೆ ಮೂರು ಕಡೆ ನೋಡಿ. ಕಣ್ಣು ಉಬ್ಬಿಕೊಂಡು ತಿಳಿಯಾಗಿರಬೇಕು. ಒಳಗೆ ಕುಸಿದು ಹಾಲಿನಂತೆ ಮಬ್ಬಾಗಿದ್ದರೆ ಹಳೆಯದು. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದರೆ ಬೇಡ. ಆಮೇಲೆ ಬೆನ್ನಿನ ದಪ್ಪ ಭಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಗುಳಿ ಕೂಡಲೇ ಮೇಲೆದ್ದರೆ ತಾಜಾ, ಒತ್ತಿದ ಗುರುತು ಹಾಗೇ ನಿಂತರೆ ಮಾಂಸ ಸಡಿಲವಾಗಿದೆ ಅಂತ ಅರ್ಥ. ತಾಜಾ ಮೀನಿಗೆ ನೀರಿನ ವಾಸನೆ ಇರುತ್ತದೆ, 'ಮೀನಿನ ವಾಸನೆ' ಅಂತ ನಾವು ಮೂಗು ಮುಚ್ಚುವಂಥದ್ದಲ್ಲ. ಆ ವಾಸನೆ ಬರಲು ಶುರುವಾಗುವುದೇ ಸಮುದ್ರದ ಮೀನಿನ ಮೈಯಲ್ಲಿರುವ ಒಂದು ವಸ್ತುವನ್ನು ಬ್ಯಾಕ್ಟೀರಿಯಾಗಳು ಒಡೆದಾಗ.

ಆದರೆ ಮೂಗನ್ನೇ ಪೂರ್ತಿ ನಂಬಬೇಡಿ. ಬಂಗುಡೆ, ಬೂತಾಯಿ, ಟ್ಯೂನಾದಂಥ ಮೀನುಗಳಲ್ಲಿ ಇನ್ನೊಂದು ಸಮಸ್ಯೆ ಇದೆ. ಇವು ಬೆಚ್ಚಗೆ ಉಳಿದರೆ ಬ್ಯಾಕ್ಟೀರಿಯಾಗಳು ಹಿಸ್ಟಮೀನ್ ಎಂಬ ವಸ್ತುವನ್ನು ತಯಾರಿಸುತ್ತವೆ. ತಿಂದವರ ಮುಖ ಕೆಂಪಾಗಬಹುದು, ತುರಿಕೆ, ತಲೆನೋವು, ಭೇದಿ ಬರಬಹುದು. ಮೀನು ನೋಡಲು, ಮೂಸಲು ಚೆನ್ನಾಗಿಯೇ ಇರಬಹುದು. ಒಮ್ಮೆ ಹಿಸ್ಟಮೀನ್ ಸೇರಿತೆಂದರೆ ಎಷ್ಟು ಬೇಯಿಸಿದರೂ, ಹುರಿದರೂ, ಫ್ರೀಜರ್‌ಗೆ ಹಾಕಿದರೂ ಹೋಗುವುದಿಲ್ಲ. ಇದನ್ನು ತಡೆಯಲು ಇರುವ ದಾರಿ ಒಂದೇ, ಮೊದಲಿನಿಂದಲೂ ತಣ್ಣಗಿಡುವುದು. ಅದಕ್ಕೇ ಮೀನನ್ನು ಸಂತೆಯ ಕೊನೆಗೆ ಕೊಳ್ಳಿ. ಮಂಜುಗಡ್ಡೆ ಕೇಳಿ ಹಾಕಿಸಿಕೊಳ್ಳಿ. ನೇರವಾಗಿ ಮನೆಗೆ ಬನ್ನಿ. ಬೇಗ ಕೆಡುವ ಯಾವ ಪದಾರ್ಥವೂ ಒಟ್ಟು ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು ಅನ್ನುವುದು ಎಲ್ಲ ಕಡೆ ಒಪ್ಪಿರುವ ಲೆಕ್ಕ. ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ಈಗ ಪ್ರಮಾಣ. ಒಬ್ಬರಿಗೆ ಒಂದು ಊಟಕ್ಕೆ ತಿನ್ನುವ ಭಾಗ 120ರಿಂದ 150 ಗ್ರಾಂ ಇದ್ದರೆ ಸಾಕಾಗುತ್ತದೆ. ನಾಲ್ಕು ಜನಕ್ಕೆ ಅರ್ಧ ಕಿಲೋ ಚಿಲ್ಲರೆ. ಆದರೆ ಇಡೀ ಮೀನಿನಲ್ಲಿ ತಲೆ, ಕರುಳು, ಮುಳ್ಳು, ಹುರುಪೆ ಕಳೆದರೆ ತಿನ್ನಲು ಸಿಗುವುದು ಹೆಚ್ಚುಕಡಿಮೆ ಅರ್ಧ. ಹಾಗಾಗಿ ಇಡೀ ಮೀನಾದರೆ 1 ಕಿಲೋ, ಮುಳ್ಳು ತೆಗೆದ ತುಂಡಾದರೆ 500ರಿಂದ 600 ಗ್ರಾಂ. ನಿಮ್ಮ ಮಕ್ಕಳು ಚಿಕ್ಕವರಾದರೆ ಇದರಲ್ಲೂ ಸ್ವಲ್ಪ ಉಳಿಯುತ್ತದೆ.

ವಾರದಲ್ಲಿ ಇನ್ನೊಂದು ಸಲ ಮೀನು ಬೇಕಾದರೆ ಭಾನುವಾರ 2 ಕಿಲೋ ತನ್ನಿ. ಎರಡನೆಯ ಪಾಲನ್ನು 'ನಾಳೆ ನೋಡೋಣ' ಅಂತ ಫ್ರಿಜ್‌ನಲ್ಲಿ ಬಿಟ್ಟು, ಮಂಗಳವಾರ ಭಯ ಬಂದು ಫ್ರೀಜರ್‌ಗೆ ಹಾಕುವವರು ತುಂಬಾ ಜನ. ಅದರಿಂದ ಉಪಯೋಗವಿಲ್ಲ. ಫ್ರೀಜರ್ ಮೀನನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸುತ್ತದೆ, ಹಳೆಯದನ್ನು ಹೊಸದು ಮಾಡುವುದಿಲ್ಲ. ತಂದ ದಿನವೇ ಕರುಳು, ಕಿವಿರು ತೆಗೆದು, ತೊಳೆದು, ಬಟ್ಟೆಯಿಂದ ಒತ್ತಿ ಒಣಗಿಸಿ. ಒಂದು ಅಡುಗೆಗೆ ಬೇಕಾದಷ್ಟನ್ನು ಒಂದು ಚೀಲಕ್ಕೆ ಹಾಕಿ, ತುಂಡುಗಳನ್ನು ಒಂದರ ಪಕ್ಕ ಒಂದು ಹರಡಿ, ಗಾಳಿ ತೆಗೆದು, ಚಪ್ಪಟೆಯಾಗಿ ಇಡಿ. ಚಪ್ಪಟೆಯಾಗಿದ್ದರೆ ಬೇಗ ಹೆಪ್ಪುಗಟ್ಟುತ್ತದೆ. ಉಂಡೆಯಾಗಿಟ್ಟರೆ ನಡುವಿನ ಭಾಗ ಗಟ್ಟಿಯಾಗಲು ಬಹಳ ಹೊತ್ತು ಬೇಕು, ಕರಗಿಸಿದಾಗ ನೀರು ಬಿಟ್ಟು ಮೀನು ಹಿಂಜಿಹಿಂಜಿಯಾಗುತ್ತದೆ. ತಾರೀಖು ಬರೆದಿಡಿ.

ಗುರುವಾರ ಮೀನು ಮಾಡುವುದಾದರೆ ಬುಧವಾರ ರಾತ್ರಿ ಫ್ರೀಜರ್‌ನಿಂದ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ. ಕೆಳಗೆ ಯಾಕೆ ಅಂದರೆ ಅದರ ನೀರು ಬೇರೆ ಯಾವುದರ ಮೇಲೂ ತೊಟ್ಟಿಕ್ಕಬಾರದು. ಅಡುಗೆಮನೆ ಕಟ್ಟೆಯ ಮೇಲೆ ಬೆಳಿಗ್ಗೆ ಇಟ್ಟು ಕೆಲಸಕ್ಕೆ ಹೋಗಬೇಡಿ. ಸಂಜೆಯ ಹೊತ್ತಿಗೆ ಹೊರಭಾಗ ಗಂಟೆಗಟ್ಟಲೆ ಬೆಚ್ಚಗೆ ಕೂತಿರುತ್ತದೆ.

ಒಂದು ಮುಖ್ಯ ವಿಷಯ ಅಂಗಡಿಯವರನ್ನು ಕೇಳಿ: ಇದು ಮೊದಲೇ ಫ್ರೀಜ್ ಮಾಡಿ ಕರಗಿಸಿದ ಮೀನಾ? ಹೌದು ಅಂದರೆ ಅವತ್ತಿನ ಅಡುಗೆಗೆ ಮಾತ್ರ ಕೊಳ್ಳಿ. ಅದನ್ನು ಮತ್ತೆ ಹೆಪ್ಪುಗಟ್ಟಿಸಿದರೆ ತಿನ್ನಲು ಚೆನ್ನಾಗಿರುವುದಿಲ್ಲ. ಎಷ್ಟು ಹೊತ್ತು ಬೆಚ್ಚಗಿತ್ತು ಅನ್ನುವುದೂ ನಿಮಗೆ ತಿಳಿಯುವುದಿಲ್ಲ.

ಸೊಪ್ಪು: ಕಟ್ಟು ಬಿಚ್ಚಿದರೆ ಅರ್ಧ ಕೆಲಸ ಮುಗಿಯಿತು

ಸೊಪ್ಪಿನ ಆಯಸ್ಸು ಎಲೆಯ ಮೇಲೆ ನಿಂತಿದೆ. ಪಾಲಕ್‌ನಂಥ ತೆಳು, ನೀರು ತುಂಬಿದ ಎಲೆಗಳಿಗೆ ಫ್ರಿಜ್‌ನಲ್ಲಿ ಮೂರು ದಿನ ಅಂತ ಇಟ್ಟುಕೊಳ್ಳಿ. ಚೆನ್ನಾಗಿ ಇಟ್ಟರೆ ನಾಲ್ಕೈದು ದಿನವೂ ಬರಬಹುದು, ಆದರೆ ಲೆಕ್ಕಕ್ಕೆ ಮೂರೇ ಇರಲಿ. ಕೊತ್ತಂಬರಿ, ಪುದೀನ ಒಗ್ಗರಣೆಗೋ ಚಟ್ನಿಗೋ ಸ್ವಲ್ಪ ಸ್ವಲ್ಪ ಬಳಕೆಯಾಗುವುದರಿಂದ ಸಣ್ಣ ಕಟ್ಟು ಸಾಕು, ಒಣಗಿಸಿ ಇಟ್ಟರೆ ವಾರದ ಹತ್ತಿರ ಬರುತ್ತವೆ. ಎಲೆಕೋಸು ಇಡಿಯಾಗಿದ್ದರೆ ಎರಡು ವಾರಕ್ಕೂ ಮೋಸವಿಲ್ಲ.

ಕೊಯ್ದ ಮೇಲೂ ಎಲೆ ಉಸಿರಾಡುತ್ತಲೇ ಇರುತ್ತದೆ. ಉಸಿರಾಡುವಾಗ ಶಾಖವೂ ನೀರಿನ ಆವಿಯೂ ಹೊರಬರುತ್ತವೆ. ಬಿಗಿಯಾಗಿ ಕಟ್ಟಿದ ಕಟ್ಟಿನಲ್ಲಿ ಅವೆರಡೂ ಒಳಗೇ ಸಿಕ್ಕಿಕೊಳ್ಳುತ್ತವೆ. ಬೇಕಾದರೆ ಮಧ್ಯಾಹ್ನ ತಂದ ಕಟ್ಟಿನ ನಡುವೆ ಬೆರಳು ತೂರಿಸಿ ನೋಡಿ. ಹೊರಗಿನ ಎಲೆ ಒಣಗಿದಂತಿದ್ದರೂ ಒಳಗೆ ಬೆಚ್ಚಗೆ, ಒದ್ದೆ ಒದ್ದೆಯಾಗಿರುತ್ತದೆ. ಕೊಳೆಯುವುದು ಶುರುವಾಗುವುದು ಅಲ್ಲಿಂದಲೇ, ಅದರಲ್ಲೂ ದಾರ ಅಥವಾ ರಬ್ಬರ್ ಬ್ಯಾಂಡ್ ಬಿಗಿದು ದಂಟು ಜಜ್ಜಿಹೋದ ಜಾಗದಿಂದ. ತಂದ ಹಾಗೇ ಕವರ್ ಸಮೇತ ಫ್ರಿಜ್‌ಗೆ ತಳ್ಳಿದರೆ ಬುಧವಾರ ಲೋಳೆಯಾಗದೆ ಇನ್ನೇನಾಗುತ್ತದೆ?

ಹಾಗಾಗಿ ಮನೆಗೆ ಬಂದ ಕೂಡಲೇ ಕಟ್ಟು ಬಿಚ್ಚಿ. ಹಳದಿ ಎಲೆ, ಜಜ್ಜಿದ ಎಲೆ, ಬೇರು, ಮಣ್ಣು ತೆಗೆದುಹಾಕಿ. ಒಂದು ಕೊಳೆತ ಎಲೆ ಉಳಿದರೂ ಪಕ್ಕದ್ದಕ್ಕೆ ಹಬ್ಬುತ್ತದೆ. ಈಗಲೇ ತೊಳೆಯಬೇಡಿ. ಅಂಗಡಿಯಲ್ಲಿ ನೀರು ಚಿಮುಕಿಸಿದ್ದರೆ ಬಟ್ಟೆಯ ಮೇಲೆ ಹರಡಿ, ಫ್ಯಾನ್ ಕೆಳಗೆ ಎಲೆಯ ಮೇಲಿನ ನೀರು ಆರುವವರೆಗೆ ಮಾತ್ರ ಬಿಡಿ. ಆಮೇಲೆ ಒಣ ತೆಳು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಡಬ್ಬಿಯಲ್ಲೋ ಬಾಯಿ ಪೂರ್ತಿ ಮುಚ್ಚದ ಕವರ್‌ನಲ್ಲೋ ಇಡಿ. ಬಟ್ಟೆ ಎಲೆಯಿಂದ ಹೊರಬರುವ ನೀರನ್ನು ಹೀರುತ್ತದೆ, ಡಬ್ಬಿ ಎಲೆ ಪೂರ್ತಿ ಒಣಗದಂತೆ ಕಾಯುತ್ತದೆ. ಮರುದಿನ ಬಟ್ಟೆ ಒದ್ದೆಯಾಗಿದ್ದರೆ ಬದಲಾಯಿಸಿ. ಬೇಯಿಸುವ ಮೊದಲು ತೊಳೆದರಾಯಿತು.

ಪಕ್ಕದಲ್ಲಿ ಮಾಗಿದ ಬಾಳೆಹಣ್ಣು, ಸೇಬು ಇಡಬೇಡಿ. ಅವು ಬಿಡುವ ಎಥಿಲೀನ್ ಅನಿಲಕ್ಕೆ ಎಲೆಗಳು ಬೇಗ ಹಳದಿಯಾಗುತ್ತವೆ.

ಬಾಡಿದ ಸೊಪ್ಪು, ಕೊಳೆತ ಸೊಪ್ಪು ಎರಡೂ ಬೇರೆ. ಬಾಡಿದ್ದು ನೀರು ಕಳೆದುಕೊಂಡಿದೆ ಅಷ್ಟೇ. ತಣ್ಣೀರಲ್ಲಿ ಕಾಲು ಗಂಟೆ ಮುಳುಗಿಸಿದರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ, ಅವತ್ತೇ ಬೇಯಿಸಿ. ಕೈಗೆ ಲೋಳೆ ಅಂಟಿದರೆ, ಎಲೆ ಗಾಢ ಹಸಿರಾಗಿ ನೀರು ಒಸರುತ್ತಿದ್ದರೆ, ಹುಳಿ ವಾಸನೆ ಬಂದರೆ ಆ ಎಲೆಗಳನ್ನು ಎಸೆಯಲೇಬೇಕು.

ಪ್ರಮಾಣವನ್ನು ಕಟ್ಟಿನ ಲೆಕ್ಕದಲ್ಲಿ ಹಿಡಿಯಬೇಡಿ. ಒಂದು ಕಡೆಯ ಕಟ್ಟಿಗೂ ಇನ್ನೊಂದು ಕಡೆಯ ಕಟ್ಟಿಗೂ ಸಂಬಂಧವೇ ಇರುವುದಿಲ್ಲ. ಒಂದೆರಡು ಸಲ ಮನೆಯಲ್ಲಿ ತೂಗಿ ನೋಡಿ, ಆಮೇಲೆ ಕೈಗೇ ಅಂದಾಜು ಸಿಗುತ್ತದೆ. ಬೇಯಿಸುವ ಸೊಪ್ಪಾದರೆ ಒಬ್ಬರಿಗೆ ಬಿಡಿಸಿದ ಎಲೆ ಸುಮಾರು 100 ಗ್ರಾಂ. ಬೆಂದಾಗ ಅದು ಒಂದು ಹಿಡಿಯಷ್ಟಾಗುತ್ತದೆ, ಹಾಗಾಗಿ ನೂರು ಗ್ರಾಂ ಜಾಸ್ತಿಯಾಯಿತು ಅನ್ನಿಸುವುದಿಲ್ಲ. ನಾಲ್ಕು ಜನಕ್ಕೆ 400 ಗ್ರಾಂ. ಬೇರು, ದಪ್ಪ ದಂಟು, ಕೆಟ್ಟ ಎಲೆ ಅಂತ ಕಾಲು ಭಾಗ ಹೋಗುತ್ತದೆ ಅಂದುಕೊಂಡರೆ, ಕೊಳ್ಳಬೇಕಾದ್ದು 550 ಗ್ರಾಂ ಹತ್ತಿರ. ಭಾನುವಾರ ಎರಡು ಅಡುಗೆಗೆ 1 ಕಿಲೋ ಚಿಲ್ಲರೆ. ಅದರಲ್ಲಿ ತೆಳು ಎಲೆಯದನ್ನು ಸೋಮವಾರ ಮಾಡಿ, ದಪ್ಪ ಎಲೆಯದನ್ನು ಮಂಗಳವಾರಕ್ಕೋ ಬುಧವಾರಕ್ಕೋ ಇಡಿ. ಹೆಚ್ಚಿನ ಮನೆಗಳಲ್ಲಿ ಇದು ತಿರುವುಮುರುವಾಗುತ್ತದೆ. ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು ಉಳಿಸಿ, ಗಟ್ಟಿಯಾದದ್ದನ್ನು ಮೊದಲು ಮುಗಿಸುತ್ತೇವೆ, ಅಲ್ವಾ?

ಸೋಮವಾರದ ಅಡುಗೆ ತಪ್ಪಿಹೋಯಿತು ಅಂದುಕೊಳ್ಳಿ. ಆಗ ಕಾಯಬೇಡಿ. ಸೊಪ್ಪನ್ನು ತೊಳೆದು, ಕುದಿಯುವ ನೀರಲ್ಲಿ ಎರಡು ನಿಮಿಷ ಮುಳುಗಿಸಿ, ಕೂಡಲೇ ತಣ್ಣೀರಿಗೆ ಹಾಕಿ, ಹಿಂಡಿ, ಒಂದು ಅಡುಗೆಗೆ ಒಂದು ಚೀಲದಂತೆ ಫ್ರೀಜರ್‌ನಲ್ಲಿಡಿ. ತಿಂಗಳುಗಟ್ಟಲೆ ಇರುತ್ತದೆ. ಹಸಿಯಾಗಿ ಫ್ರೀಜರ್‌ಗೆ ಹಾಕಿದರೆ ಬಣ್ಣವೂ ರುಚಿಯೂ ಕೆಡುತ್ತವೆ.

ಹಾಲು: ಮುಚ್ಚಿದ್ದಕ್ಕೆ ಒಂದು ಲೆಕ್ಕ, ತೆರೆದದ್ದಕ್ಕೆ ಇನ್ನೊಂದು

ನಿಮಗೆ ಒಂದು ವಾರ ಹಾಲು ಒಡೆಯುವುದು, ಇನ್ನೊಂದು ವಾರ ಸಾಲದಿರುವುದು ಎರಡು ಬೇರೆ ಬೇರೆ ಸಮಸ್ಯೆಗಳು.

ಸಾಲದಿರುವುದಕ್ಕೆ ಪರಿಹಾರ ಅಳತೆ. ಒಂದು ವಾರ ದಿನಕ್ಕೆ ಎಷ್ಟು ಖರ್ಚಾಯಿತು ಅಂತ ಫ್ರಿಜ್ಜಿನ ಮೇಲೆ ಬರೆದಿಡಿ. ಸಾಮಾನ್ಯವಾಗಿ ರಜಾ ದಿನ ಜಾಸ್ತಿ ಆಗುತ್ತದೆ, ಎಲ್ಲರೂ ಮನೆಯಲ್ಲಿರುತ್ತೀರಿ. ಮೊಸರಿಗೆ ಹೆಪ್ಪು ಹಾಕುವ ದಿನ ಇನ್ನರ್ಧ ಲೀಟರ್ ಹೋಗುತ್ತದೆ. ಈ ಎರಡನ್ನು ಬಿಟ್ಟು ಸರಾಸರಿ ಹಿಡಿದರೆ ಹಾಲು ಪ್ರತಿ ಸಲವೂ ಕೊನೆಯ ದಿನ ಕೈಕೊಡುತ್ತದೆ. ದಿನಕ್ಕೆ 1 ಲೀಟರ್ ಆಗುವ ಮನೆ ಅಂತ ಹಿಡಿದರೆ ಭಾನುವಾರದಿಂದ ಬುಧವಾರದವರೆಗೆ 4 ಲೀಟರ್, ಭಾನುವಾರದ ಮೊಸರಿಗೆ ಅರ್ಧ, ಒಟ್ಟು ನಾಲ್ಕೂವರೆ. ಫ್ರಿಜ್‌ನಲ್ಲಿ ಮೊದಲೇ ಇರುವುದನ್ನು ಇದರಿಂದ ಕಳೆಯಿರಿ.

ಒಡೆಯುವುದಕ್ಕೆ ಕಾರಣ ಬೇರೆ. ಡೇರಿಯಲ್ಲಿ ಪಾಶ್ಚರೀಕರಣ ಮಾಡಿದಾಗ ಹಾಲಿನ ಹೆಚ್ಚಿನ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಎಲ್ಲವೂ ಅಲ್ಲ. ಪ್ಯಾಕೆಟ್ ತೆರೆದಾಗ ಗಾಳಿಯಿಂದ, ಪಾತ್ರೆಯಿಂದ, ಚಮಚದಿಂದ ಹೊಸವು ಸೇರುತ್ತವೆ. ಹಾಗಾಗಿ ಮುಚ್ಚಿದ ಪ್ಯಾಕೆಟ್ ಅದರ ಮೇಲಿನ ತಾರೀಖಿನವರೆಗೆ ಇರುತ್ತದೆ, ಅದೂ ಸತತವಾಗಿ ತಣ್ಣಗಿದ್ದರೆ ಮಾತ್ರ. ತೆರೆದ ಮೇಲೆ ಆ ತಾರೀಖನ್ನು ಮರೆತುಬಿಡಿ. ಎರಡು ದಿನದೊಳಗೆ, ತಪ್ಪಿದರೆ ಮೂರು ದಿನದೊಳಗೆ ಮುಗಿಸಿ. ಇದರಿಂದ ಒಂದು ವಿಷಯ ತಾನಾಗಿಯೇ ಹೊರಡುತ್ತದೆ: ದೊಡ್ಡ ಕ್ಯಾನ್ ಒಂದರ ಬದಲು ಅರ್ಧ ಲೀಟರಿನ ಒಂಬತ್ತು ಪ್ಯಾಕೆಟ್ ತನ್ನಿ. ಬೇಕಾದಾಗ ಒಂದನ್ನು ಒಡೆಯಿರಿ. ಮಿಕ್ಕ ಎಂಟು ಮುಚ್ಚಿಯೇ ಇರುತ್ತವೆ.

ಕೊಳ್ಳುವಾಗ ತಾರೀಖು ನೋಡುವ ಕ್ರಮವೂ ಇದೆ. ಕೊನೆಯ ಪ್ಯಾಕೆಟ್ ಬುಧವಾರ ಒಡೆಯುತ್ತೀರಿ, ಗುರುವಾರ ಬೆಳಿಗ್ಗೆಗೆ ಸ್ವಲ್ಪ ಉಳಿಯಬಹುದು. ಹಾಗಾದರೆ ಪ್ಯಾಕೆಟ್ಟಿನ ತಾರೀಖು ಗುರುವಾರಕ್ಕಿಂತ ಹಿಂದಿನದಾಗಿರಬಾರದು. ಮಂಗಳವಾರದ ತಾರೀಖಿನದ್ದು ಮಾತ್ರ ಸಿಕ್ಕರೆ ಮೂರು ದಿನದಷ್ಟೇ ತನ್ನಿ. ನಾಲ್ಕೂವರೆ ಲೀಟರ್ ಬೇಕು ಅಂತ ತೀರ್ಮಾನ ಮಾಡಿ ಹೋಗಿದ್ದೀರಿ ಅನ್ನುವ ಕಾರಣಕ್ಕೆ ತುಂಬಿಕೊಂಡು ಬರಬೇಡಿ.

ಹಾಲನ್ನು ಫ್ರಿಜ್ಜಿನ ಬಾಗಿಲಲ್ಲಿ ಇಡುವುದು ಎಲ್ಲರ ಮನೆಯ ಅಭ್ಯಾಸ. ಬಾಗಿಲೇ ಫ್ರಿಜ್ಜಿನ ಬೆಚ್ಚನೆಯ ಜಾಗ, ತೆಗೆದಾಗಲೆಲ್ಲ ಹೊರಗಿನ ಗಾಳಿ ತಗಲುತ್ತದೆ. ಒಳಗೆ, ಹಿಂಬದಿಗೆ ಇಡಿ.

ನೀವು ಕಾಯಿಸಿ ಇಡುವವರಾದರೆ ಅದು ಒಳ್ಳೆಯದೇ, ಆದರೆ ತಣಿಸುವುದರಲ್ಲಿ ಎಚ್ಚರ ಇರಲಿ. ದೊಡ್ಡ ಪಾತ್ರೆಯಲ್ಲಿ ಕಾಯಿಸಿದ ಹಾಲು ಒಲೆಯ ಮೇಲೇ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ ಕಾಯಿಸಿದ ಲಾಭವೇ ಹೋಗುತ್ತದೆ. ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ನಿನ್ನೆಯ ಹಾಲಿನ ಪಾತ್ರೆಗೇ ಇವತ್ತಿನದನ್ನು ಸುರಿಯಬೇಡಿ. ನಿನ್ನೆಯದರಲ್ಲಿ ಬೆಳೆದದ್ದೆಲ್ಲ ಹೊಸ ಹಾಲಿಗೂ ಹರಡುತ್ತದೆ.

ಕುಡಿಯಲು ಸರಿಯಾಗಿರುವ ಹಾಲು ಕಾಯಿಸಿದ ಕೂಡಲೇ ಒಡೆಯುವುದನ್ನು ನೋಡಿರುತ್ತೀರಿ. ಹಾಲಿನ ಹುಳಿ ನಾಲಿಗೆಗೆ ತಿಳಿಯುವ ಮೊದಲೇ ಬಿಸಿಗೆ ತಿಳಿಯುತ್ತದೆ. ಸ್ವಲ್ಪವೇ ಹುಳಿ ಏರಿದ್ದರೂ ಶಾಖ ತಗುಲಿದಾಗ ಅದರ ಪ್ರೋಟೀನು ಗಂಟುಗಂಟಾಗುತ್ತದೆ. ಹಾಗಾಗಿ ಅನುಮಾನ ಇರುವ ಪ್ಯಾಕೆಟ್ಟನ್ನು ಇಡಿಯಾಗಿ ಪಾತ್ರೆಗೆ ಸುರಿಯಬೇಡಿ. ಎರಡು ಚಮಚ ಬೇರೆ ಕಾಯಿಸಿ ನೋಡಿ. ಗಂಟಾದರೆ ಆ ಪ್ಯಾಕೆಟ್ ಬಿಟ್ಟುಬಿಡಿ. ತಾನಾಗಿ ಕೆಟ್ಟು ಒಡೆದ ಹಾಲಿನಿಂದ ಪನೀರ್ ಮಾಡಲು ಹೋಗಬೇಡಿ. ಒಳ್ಳೆಯ ಹಾಲನ್ನು ನಿಂಬೆಹಣ್ಣು ಹಿಂಡಿ ಒಡೆಯುವುದೇ ಬೇರೆ, ಯಾವುದೋ ಬ್ಯಾಕ್ಟೀರಿಯಾ ಬೆಳೆದು ಒಡೆದದ್ದೇ ಬೇರೆ.

ಬುಧವಾರ ಹೋಗಲು ಆಗದಿದ್ದರೆ

ವಾರಕ್ಕೆ ಒಂದೇ ಸಲ ಅನ್ನುವುದನ್ನು ಬದಲಾಯಿಸಲು ಸಾಧ್ಯವೇ ಇಲ್ಲದಿದ್ದರೆ ಪ್ರಮಾಣ ಹೆಚ್ಚಿಸಬೇಡಿ, ಪದಾರ್ಥ ಬದಲಾಯಿಸಿ. ಬುಧವಾರದ ನಂತರದ ದಿನಗಳಿಗೆ ಎಲೆಕೋಸು, ಅಥವಾ ಭಾನುವಾರವೇ ಬಿಸಿನೀರಲ್ಲಿ ಅದ್ದಿ ಫ್ರೀಜರ್‌ಗೆ ಹಾಕಿದ ಸೊಪ್ಪು. ಹಾಲಿಗೆ ಹೆಚ್ಚು ದಿನ ಬಾಳುವ ಡಬ್ಬಿ ಹಾಲು, ಅಂದರೆ ಅತಿ ಹೆಚ್ಚು ಶಾಖದಲ್ಲಿ ಸಂಸ್ಕರಿಸಿ ತುಂಬಿದ್ದು. ಅದು ತೆರೆಯದಿದ್ದರೆ ಹೊರಗೇ ತಿಂಗಳುಗಟ್ಟಲೆ ಇರುತ್ತದೆ. ತೆರೆದ ಮೇಲೆ ಮಾತ್ರ ಮಾಮೂಲಿ ಹಾಲಿನ ಹಾಗೆಯೇ ಫ್ರಿಜ್‌ಗೆ ಸೇರಬೇಕು, ಎರಡು ಮೂರು ದಿನದಲ್ಲಿ ಮುಗಿಯಬೇಕು. ಇದನ್ನು ಮರೆತು 'ಇದು ಕೆಡಲ್ಲ' ಅಂತ ಕಟ್ಟೆಯ ಮೇಲೆ ಬಿಡುವವರಿದ್ದಾರೆ.

ಕರೆಂಟ್ ಹೋದಾಗ ಫ್ರಿಜ್ಜಿನ ಬಾಗಿಲು ತೆಗೆಯದೆ ಇದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ. ತುಂಬಿದ ಫ್ರೀಜರ್ ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ತಡೆಯುತ್ತದೆ. ಪದೇ ಪದೇ ಕರೆಂಟ್ ಹೋಗುವ ದಿನಗಳಲ್ಲಿ ಹಸಿ ಮೀನನ್ನು ಅವತ್ತಿಗೆ ಮಾತ್ರ, ಹಾಲನ್ನು ಎರಡು ದಿನಕ್ಕೆ ಮಾತ್ರ ತನ್ನಿ.

ಈ ಅಂಕಿಗಳಿಂದ ಶುರು ಮಾಡಿ, ಮೂರ್ನಾಲ್ಕು ವಾರ ಎಸೆದದ್ದನ್ನು ಬರೆದಿಡಿ: ಏನು, ಯಾವ ದಿನ, ಎಷ್ಟು. ಬುಧವಾರ ಪ್ರತಿ ಸಲ ಸೊಪ್ಪು ಉಳಿಯುತ್ತಿದ್ದರೆ ಭಾನುವಾರದ ಎರಡು ಅಡುಗೆಯನ್ನು ಒಂದಕ್ಕೆ ಇಳಿಸಿ, ಅಳತೆಯನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಕೂರಬೇಡಿ. ಅರ್ಧ ಅಡುಗೆಯಷ್ಟು ಸೊಪ್ಪಿನಿಂದ ಯಾರಿಗೂ ಊಟವಾಗುವುದಿಲ್ಲ, ಅದೇ ಉಳಿದು ಕೊಳೆಯುತ್ತದೆ. ಹಾಲಿಗೆ ಹಾಗಲ್ಲ, ಅರ್ಧ ಲೀಟರ್ ಪ್ಯಾಕೆಟ್ಟಿನ ಲೆಕ್ಕದಲ್ಲಿ ಒಂದೊಂದೇ ಏರಿಸಿ ಇಳಿಸಿ ನೋಡಬಹುದು. ಮೀನಿನ ಅಳತೆಯನ್ನು ಮಕ್ಕಳು ತಿನ್ನುವುದಕ್ಕೆ ತಕ್ಕಂತೆ ಬದಲಾಯಿಸಿ, ದಿನವನ್ನು ಮಾತ್ರ ಯಾವ ಕಾರಣಕ್ಕೂ ಮುಂದಕ್ಕೆ ಹಾಕಬೇಡಿ.